ಕೆಲಸ ಮುಗಿದ ಮೇಲೆ ಬರೆದ ಬದಲಾವಣೆ ದಾಖಲೆಯ ಬಗ್ಗೆ ದೂರು

ಗೆ,
ಯೋಜನಾ ವ್ಯವಸ್ಥಾಪಕರು

ವಿಷಯ: ದಾಸ್ತಾನು ತಂತ್ರಾಂಶದ ಅಂತಿಮ ಬಿಲ್ಲಿನಲ್ಲಿ ಸೇರಿಸಿರುವ 28 ದಿನಗಳ ಹೆಚ್ಚುವರಿ ಕೆಲಸ

ಮಾನ್ಯರೇ,

ನಮ್ಮ ಗೋದಾಮಿಗೆ ನೀವು ಮಾಡಿಕೊಟ್ಟ ತಂತ್ರಾಂಶದ ಅಂತಿಮ ಬಿಲ್ ಕೈಸೇರಿದೆ. ನಮ್ಮದು ಕೆಲಸದ ವ್ಯಾಪ್ತಿ ಮತ್ತು ಮೊತ್ತ ಎರಡನ್ನೂ ಮೊದಲೇ ನಿಗದಿಪಡಿಸಿಕೊಂಡ ಒಪ್ಪಂದ. ಆದರೂ ಬಿಲ್ಲಿನೊಂದಿಗೆ ‘ಬದಲಾವಣೆ ಕೋರಿಕೆಗಳ ದಾಖಲೆ’ ಎಂಬ ಹಾಳೆಯೊಂದನ್ನು ಲಗತ್ತಿಸಿ, ನಾಲ್ಕು ಬಾಬ್ತುಗಳಿಗೆ 28 ದಿನಗಳ ಕೆಲಸದ ಹಣ ಕೇಳಿದ್ದೀರಿ. ಕೆಲಸ ನಡೆದ ಐದು ತಿಂಗಳಲ್ಲಿ ಈ ಹಾಳೆ ಒಮ್ಮೆಯೂ ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ. ಕಡತದ ತಿದ್ದುಪಡಿ ಇತಿಹಾಸ ತೆರೆದು ನೋಡಿದರೆ, ನಾಲ್ಕೂ ಸಾಲುಗಳನ್ನು ಬಿಲ್ಲಿನ ಹಿಂದಿನ ಸಂಜೆ ಒಂದೇ ಬಾರಿಗೆ ತುಂಬಲಾಗಿದೆ.

ಮೊದಲ ಬಾಬ್ತಿಗೆ ತಕರಾರಿಲ್ಲ. ಬಾರ್‌ಕೋಡ್ ಓದುವ ಸೌಲಭ್ಯವನ್ನು ನಾವೇ ಕೇಳಿದ್ದೆವು, 6 ದಿನಗಳ ಅಂದಾಜಿಗೆ ಇಮೇಲ್‌ನಲ್ಲಿ ಒಪ್ಪಿಗೆಯನ್ನೂ ಕೊಟ್ಟಿದ್ದೆವು.

ಎರಡನೆಯದು ತಿಂಗಳ ವರದಿಯನ್ನು ಎಕ್ಸೆಲ್ ಕಡತವಾಗಿ ಇಳಿಸಿಕೊಳ್ಳುವ ಸೌಲಭ್ಯ, 9 ದಿನ. ಒಪ್ಪಂದದ ವ್ಯಾಪ್ತಿ ಪಟ್ಟಿಯಲ್ಲಿ ‘ಎಲ್ಲ ವರದಿಗಳನ್ನೂ ಎಕ್ಸೆಲ್ ರೂಪದಲ್ಲಿ ಪಡೆಯುವಂತಿರಬೇಕು’ ಎಂದು ಬರೆದು ಇಬ್ಬರೂ ಸಹಿ ಹಾಕಿದ್ದೇವೆ. ವ್ಯಾಪ್ತಿಯೊಳಗಿನ ಕೆಲಸ ಬದಲಾವಣೆ ಹೇಗಾಗುತ್ತದೆ? ನಿಮ್ಮ ಹಾಳೆಯಲ್ಲಿ ‘ವ್ಯಾಪ್ತಿಯ ಯಾವ ಅಂಶ’ ಎಂಬ ಅಂಕಣವೇ ಇಲ್ಲ. ಇದ್ದಿದ್ದರೆ ಈ ಸಾಲನ್ನು ಬರೆಯುವಾಗಲೇ ತಪ್ಪು ತಿಳಿಯುತ್ತಿತ್ತು.

ಮೂರನೆಯದರಲ್ಲಿ ಲೆಕ್ಕ ಅರ್ಧಕ್ಕೇ ನಿಂತಿದೆ. ಎಸ್ಎಂಎಸ್ ಸೂಚನೆ ಬೇಡ, ಇಮೇಲ್ ಸೂಚನೆ ಸಾಕು ಎಂದು ಲಿಖಿತವಾಗಿ ಕೇಳಿದ್ದು ನಿಜ. ಹೊಸದಕ್ಕೆ 5 ದಿನ ಹಾಕಿದ್ದೀರಿ. ಕೈಬಿಟ್ಟ ಎಸ್ಎಂಎಸ್ ಕೆಲಸಕ್ಕೆ ನಿಮ್ಮದೇ ಮೂಲ ಅಂದಾಜಿನಲ್ಲಿ 3 ದಿನಗಳಿದ್ದವು, ಅದನ್ನು ನೀವು ಆರಂಭಿಸಿಯೂ ಇರಲಿಲ್ಲ. ಆ ಮೂರನ್ನು ಕಳೆದರೆ ಉಳಿಯುವುದು 2.

ನಾಲ್ಕನೆಯದೇ ನನ್ನನ್ನು ಹೆಚ್ಚು ಕೆರಳಿಸಿದ್ದು. ಎರಡನೇ ಗೋದಾಮಿನ ಪರದೆಗೆ 8 ದಿನ. ‘ಅನುಮೋದನೆ’ ಅಂಕಣದಲ್ಲಿ ‘ಫೋನಿನಲ್ಲಿ ಒಪ್ಪಿದ್ದಾರೆ’ ಎಂದಷ್ಟೇ ಇದೆ. ಒಪ್ಪಿದವರು ಯಾರು, ಯಾವಾಗ? ವಿಚಾರಿಸಿದಾಗ ತಿಳಿದದ್ದು: ನಮ್ಮ ಉಗ್ರಾಣದ ಗುಮಾಸ್ತರು ‘ಹೀಗೂ ಮಾಡಬಹುದೇ?’ ಎಂದು ಕೇಳಿದ್ದರು, ನಿಮ್ಮವರು ಮಾಡಿಯೇಬಿಟ್ಟರು. ಕೆಲಸ ಆರಂಭಿಸುವ ಮೊದಲು ಅಧಿಕೃತ ಸಹಿದಾರರ ಲಿಖಿತ ಒಪ್ಪಿಗೆ ಬೇಕೆಂದು ಒಪ್ಪಂದ ಹೇಳುತ್ತದೆ, ಗುಮಾಸ್ತರು ಸಹಿದಾರರಲ್ಲ. ಅವರನ್ನು ಮೊದಲೇ ತಡೆಯದ ತಪ್ಪು ನಮ್ಮದೂ ಹೌದು, ಆ ಪರದೆಯನ್ನು ಈಗ ಬಳಸುತ್ತಲೂ ಇದ್ದೇವೆ. ಆದರೆ 8 ದಿನ ಎಂದು ಅಂದೇ ಹೇಳಿದ್ದರೆ ಮುಂದಿನ ವರ್ಷಕ್ಕೆ ಇಟ್ಟುಕೊಳ್ಳುತ್ತಿದ್ದೆವು. ಆ ಆಯ್ಕೆಯನ್ನು ನೀವು ನಮಗೆ ಉಳಿಸಲಿಲ್ಲ.

ಕೋರಿದವರ ಹೆಸರು, ಕೋರಿದ ದಿನಾಂಕ, ವ್ಯಾಪ್ತಿಯ ಅಂಶ, ಸೇರಿದ ಮತ್ತು ಕಳೆದ ದಿನಗಳು, ಒಪ್ಪಿಗೆಯ ಪ್ರತಿ ಇವಿಷ್ಟನ್ನೂ ಸೇರಿಸಿ ದಾಖಲೆಯನ್ನು ತಿದ್ದಿ ಕಳುಹಿಸಿ. ಒಂದನೇ ಮತ್ತು ಮೂರನೇ ಬಾಬ್ತಿನ 8 ದಿನಗಳ ಹಣವನ್ನು ಮೂಲ ಮೊತ್ತದ ಕೊನೆಯ ಕಂತಿನೊಂದಿಗೆ ಈ ವಾರವೇ ಪಾವತಿಸುತ್ತೇವೆ. ಎರಡನೆಯದನ್ನು ಕೊಡುವುದಿಲ್ಲ. ನಾಲ್ಕನೆಯದರ ಬಗ್ಗೆ ಎದುರು ಕುಳಿತು ಮಾತನಾಡಲು ಸಿದ್ಧ, ಆ ಸಭೆಗೆ ನಿಮ್ಮ ಕರೆ ವಿವರಗಳನ್ನು ತನ್ನಿ.

ಇಂತಿ,
ಖರೀದಿ ವಿಭಾಗದ ಮುಖ್ಯಸ್ಥೆ