ಪ್ರಾರ್ಥನೆಯ ಮೇಷ್ಟರಾದ ಕಥೆ

ಗೆಳೆಯಾ,

ನಗಬೇಡ. ಈ ತಪಸ್ಸುಕಾಲದಲ್ಲಿ ನಮ್ಮ ಚರ್ಚಿನಲ್ಲಿ ‘ಪ್ರಾರ್ಥಿಸುವುದು ಹೇಗೆ’ ಎಂದು ನಾಲ್ಕು ಶನಿವಾರಗಳ ತರಗತಿ ನಡೆಸುತ್ತಿರುವವನು ನಾನೇ. ಹೌದು, ಜಪಸರದ ನಡುವೆ ಗೊರಕೆ ಹೊಡೆದು ನಿನ್ನಿಂದ ತಿವಿಸಿಕೊಂಡವನು. ಹಲಸಿನ ಹಣ್ಣಿನ ವಿಷಯವನ್ನು ಮಾತ್ರ ಇಲ್ಲಿ ಎತ್ತಬೇಡ, ಎಲ್ಲರೂ ಓದುತ್ತಾರೆ.

ಮೊದಲ ವಾರ ಬಾಯಿಪಾಠದ ಪ್ರಾರ್ಥನೆ, ಎರಡನೆಯ ವಾರ ಮಲಗುವ ಮುನ್ನ ದಿನವನ್ನು ಹಿಂದಿರುಗಿ ನೋಡುವ ಆತ್ಮಶೋಧನೆ. ಎರಡೂ ಸುಸೂತ್ರ. ಮೂರನೆಯ ವಾರದ್ದು ಲೆಕ್ಸಿಯೋ ದಿವೀನಾ, ಅಂದರೆ ಬೈಬಲಿನ ಒಂದು ಭಾಗವನ್ನು ನಿಧಾನವಾಗಿ ಓದುತ್ತಾ ಪ್ರಾರ್ಥಿಸುವ ಕ್ರಮ. 12ನೇ ಶತಮಾನದ ಗೀಗೋ ಎಂಬ ಸನ್ಯಾಸಿ ಇದಕ್ಕೆ ನಾಲ್ಕು ಮೆಟ್ಟಿಲು ಹೇಳಿದ. ಓದುವುದು ತುತ್ತನ್ನು ಬಾಯಿಗಿಡುವುದು, ಮನನ ಅಗಿಯುವುದು, ಪ್ರಾರ್ಥನೆ ರಸ ಹೀರುವುದು, ಕೊನೆಯದು ಬರಿಯ ಸವಿ.

ಮಾರ್ಕನ ಶುಭಸಂದೇಶದ 10ನೇ ಅಧ್ಯಾಯದಿಂದ ಕುರುಡ ಬಾರ್ತಿಮಾಯನ ಏಳು ವಚನಗಳನ್ನು ಆರಿಸಿಕೊಂಡೆ. ನಾಲ್ಕು ಸಲ ನಿಧಾನವಾಗಿ ಓದುವುದು, ಪ್ರತಿ ಸಲವೂ ಎರಡು ನಿಮಿಷ ಮೌನ. ಮೊದಲ ಓದಿನಲ್ಲಿ ಮನಸ್ಸಿಗೆ ತಗುಲಿದ ಒಂದು ಮಾತನ್ನು ಹಿಡಿಯಬೇಕು, ಎರಡನೆಯದರಲ್ಲಿ ಅದೇ ಏಕೆ ಎಂದು ನೋಡಬೇಕು, ಮೂರನೆಯದರಲ್ಲಿ ದೇವರಿಗೆ ಹೇಳಬೇಕು, ನಾಲ್ಕನೆಯದರಲ್ಲಿ ಸುಮ್ಮನಿರಬೇಕು. ದಾರಿ ತಪ್ಪಿದ್ದು ಬೇಗ ತಿಳಿಯುತ್ತದೆ. ‘ಇದರಿಂದ ನಾವು ಕಲಿಯಬೇಕಾದದ್ದು’ ಎಂದು ಯಾರಾದರೂ ಶುರುಮಾಡಿದರೆ ಅದು ಉಪದೇಶ. ‘ನಾವು’ ಬಿಟ್ಟು ‘ನನಗೆ’ ಎನ್ನಿ ಎಂದು ತಿದ್ದುತ್ತೇನೆ.

ಒಬ್ಬ ಅಜ್ಜಿಯನ್ನು ಹಾಗೆ ತಿದ್ದಬೇಕಾಗಲಿಲ್ಲ. ಕಥೆಯಲ್ಲಿ ಯೇಸು ಕರೆದಾಗ ಆ ಭಿಕ್ಷುಕ ತನ್ನ ಹೊದಿಕೆಯನ್ನು ಎಸೆದು ಏಳುತ್ತಾನಲ್ಲ, ಅಜ್ಜಿಗೆ ಸಿಕ್ಕಿದ್ದು ಆ ಹೊದಿಕೆ. “ಯಜಮಾನರ ಅಂಗಿಗಳು ಇನ್ನೂ ಕಪಾಟಿನಲ್ಲಿವೆ. ಇಸ್ತ್ರಿ ಮಾಡಿ ಮಾಡಿ ಇಡುತ್ತೇನೆ” ಎಂದರು. ಅಷ್ಟೇ. ನನಗೆ ಏನು ಹೇಳುವುದೆಂದು ತೋಚದೆ ಮೂರನೆಯ ಓದು ಶುರುಮಾಡಿದೆ.

ಎಡವಿದ್ದು ಅಲ್ಲೇ. ಯೇಸು ಆ ಕುರುಡನನ್ನು ನಿನಗೆ ನನ್ನಿಂದ ಏನಾಗಬೇಕೆಂದು ಕೇಳುತ್ತಾನೆ. ಓದಿ ಮುಗಿಸಿ ಮೌನ ಎಂದೆ. ಎಲ್ಲರೂ ಕಣ್ಣು ಮುಚ್ಚಿದರು, ನಾನು ಮೊಬೈಲಿನ ಗಡಿಯಾರ ನೋಡುತ್ತಾ ಕುಳಿತೆ. ನಲವತ್ತು ಸೆಕೆಂಡಿಗೆ ಗಂಟಲು ಸರಿಪಡಿಸಿಕೊಂಡು ಮುಂದಿನ ಓದಿಗೆ ಹಾರಿದೆ. ಮುನ್ನಡೆಸುವವನೂ ಜೊತೆಗೆ ಪ್ರಾರ್ಥಿಸದಿದ್ದರೆ ಎರಡು ನಿಮಿಷ ಎರಡು ಗಂಟೆಯಾಗುತ್ತದೆ. ಅಮ್ಮ ಹೋದ ಮೇಲೆ ನಾನು ದೇವರಲ್ಲಿ ಏನನ್ನೂ ಕೇಳಿಲ್ಲ. ಆಸ್ಪತ್ರೆಯ ವರಾಂಡದಲ್ಲಿ ಕೇಳಿದ್ದೇ ಕೊನೆ. ಮೂರು ವರ್ಷದಿಂದ ಬೇರೆಯವರಿಗೆ ಓದಿ ಹೇಳುತ್ತಿದ್ದೇನೆ, ಅಷ್ಟೇ.

ಮುಂದಿನ ಶನಿವಾರ ಗೋಳಿನ ಕೀರ್ತನೆ. 13ನೆಯದನ್ನು ಆರಿಸಿದ್ದೆ, ನಾಲ್ಕು ವಚನ ದೂರಿ ಐದನೆಯದರಲ್ಲಿ ಭರವಸೆಗೆ ತಿರುಗುತ್ತದೆ. 88ನೆಯದು ತಿರುಗುವುದೇ ಇಲ್ಲ, ಕತ್ತಲೆಯಲ್ಲೇ ನಿಲ್ಲುತ್ತದೆ. ಪಟ್ಟಿಯಲ್ಲಿ ಅದನ್ನು ಬರೆದು, ಹೊಡೆದು, ಮತ್ತೆ ಬರೆದಿದ್ದೇನೆ.

ಇಷ್ಟೆಲ್ಲ ಬರೆಯಬೇಕೆಂದಿರಲಿಲ್ಲ. ನಿಜವಾಗಿ ಕೇಳಬೇಕಾಗಿದ್ದದ್ದು ಬೇರೆ: ನಿನ್ನ ಆ ಹಳೆಯ ಟೈಂಪೀಸ್ ಇನ್ನೂ ಓಡುತ್ತಿದ್ದರೆ ಕಳುಹಿಸು. ಮುಂದಿನ ವಾರ ತರಗತಿ ಮುಗಿಯುವ ತನಕ ನನ್ನ ಮೊಬೈಲು ತಮ್ಮ ಚೀಲದಲ್ಲಿರಬೇಕು ಎಂದು ಅಜ್ಜಿ ಅಪ್ಪಣೆ ಕೊಡಿಸಿದ್ದಾರೆ.

ನಿನ್ನ,
ಗೊರಕೆ ಮೇಷ್ಟರು