ಭಾನುವಾರದ ಲಾಲ್‌ಬಾಗ್ ನಡಿಗೆ: ಉತ್ತರ ಈವೆಂಟ್‌ನಲ್ಲೇ ಒತ್ತಿ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ 8ರ ನಡಿಗೆಗೆ ವಾಟ್ಸಾಪ್‌ನಲ್ಲೇ ಈವೆಂಟ್ ಹಾಕಿದ್ದೇನೆ. (ಮೆಟ್ರೊದಲ್ಲಿ ಬರುವವರಿಗಾಗಿ ತಡ ಮಾಡಿದ್ದು. ಭಾನುವಾರ ಮೊದಲ ರೈಲು 7ಕ್ಕೆ ಅಲ್ವಾ?)

ಅದನ್ನು ತೆರೆದು Going, Maybe, Not going ಇವುಗಳಲ್ಲಿ ಒಂದನ್ನು ಒತ್ತಿ. ಸುಮ್ನೆ ಹೆಬ್ಬೆರಳು ತೋರಿಸಿದರೆ ಹೆಸರು ಪಟ್ಟಿಗೆ ಸೇರುವುದಿಲ್ಲ. ಹೊತ್ತು ಹತ್ತಿರವಾದಾಗ ಬರುವ ನೆನಪೋಲೆಯೂ Going ಅಂದವರಿಗೇ. ತಿಂಡಿಗೆ ಹೇಳುವುದೂ ಅದೇ ಲೆಕ್ಕ ನೋಡಿ. Maybe ಅಂದವರು ಶನಿವಾರ ಸಂಜೆಯೊಳಗೆ ಒಂದು ಕಡೆ ವಾಲಿಬಿಡಿ.

ಜಾಗದಲ್ಲಿ ಬರೀ ‘ಲಾಲ್‌ಬಾಗ್’ ಅಂತಿದ್ದರೆ ಒಬ್ಬೊಬ್ಬರು ಒಂದೊಂದು ಗೇಟಿನಲ್ಲಿ ನಿಂತು ಫೋನ್ ಮಾಡುತ್ತೀರಿ. ಅದಕ್ಕೇ ವೆಸ್ಟ್ ಗೇಟ್ ಅಂತಲೇ ಹಾಕಿದ್ದೇನೆ, ಮೆಟ್ರೊ ಸ್ಟೇಷನ್‌ಗೆ ಅದೇ ಹತ್ತಿರ.

ಸಮಯ ಬದಲಾದರೆ ಇದೇ ಈವೆಂಟನ್ನು ತಿದ್ದುತ್ತೇನೆ. ಇನ್ನೊಂದು ಹೊಸದು ಯಾರೂ ಹಾಕಬೇಡಿ, ಉತ್ತರಗಳು ಎರಡು ಕಡೆ ಹಂಚಿಹೋಗುತ್ತವೆ.