ಎಕ್ಸ್‌ಚೇಂಜ್‌ಗೆ ಕೊಟ್ಟ ಐಫೋನ್ ಲಾಕ್ ಆಗಿದೆ ಎಂದು 16,500 ರೂಪಾಯಿ ತಡೆಹಿಡಿದಿರುವ ಬಗ್ಗೆ ದೂರು

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ಕಳೆದ ವಾರ ನಿಮ್ಮಲ್ಲಿ ಹೊಸ ಫೋನ್ ತಗೊಂಡು ನನ್ನ ಹಳೆಯ ಐಫೋನ್ 12 ಅನ್ನು ಎಕ್ಸ್‌ಚೇಂಜ್‌ಗೆ ಕೊಟ್ಟೆ. ನಿಮ್ಮ ಹುಡುಗ ಮನೆಗೆ ಬಂದಾಗ ನಾನು ಆಫೀಸಿನಲ್ಲಿದ್ದೆ. ಮನೆಯಲ್ಲಿ ಅಮ್ಮ ಒಬ್ಬರೇ ಇದ್ದರು. ಅವರಿಗೆ ಫೋನಿನ ಪಾಸ್‌ಕೋಡ್ ಗೊತ್ತಿತ್ತು. ಆದರೆ Erase All Content and Settings ಒತ್ತಿದಾಗ ಫೋನು ನನ್ನ ಆ್ಯಪಲ್ ಖಾತೆಯ ಪಾಸ್‌ವರ್ಡ್ ಕೇಳಿತು. ಅದು ಅಮ್ಮನಿಗೆ ಗೊತ್ತಿರಲಿಲ್ಲ.

"ಸ್ವಲ್ಪ ತಡಿಯಪ್ಪ, ಮಗಳಿಗೆ ಫೋನ್ ಮಾಡ್ತೀನಿ" ಅಂದರಂತೆ. ಅವನು ಕಾಯಲಿಲ್ಲ. "ಪರವಾಗಿಲ್ಲಮ್ಮ" ಎಂದು ತನ್ನ ಲ್ಯಾಪ್‌ಟಾಪಿಗೆ ಕೇಬಲ್ ಚುಚ್ಚಿ, ರಿಕವರಿ ಮೋಡ್‌ನಲ್ಲಿ ಫೋನನ್ನು ಪೂರ್ತಿ ಅಳಿಸಿದ. Hello ಎಂಬ ಅಕ್ಷರ ಬಂದ ಕೂಡಲೇ ಕೆಲಸ ಮುಗಿಯಿತು ಎಂದು ತಗೊಂಡು ಹೋದ.

ತಪ್ಪಾಗಿದ್ದು ಇಲ್ಲೇ. ಆ ಪಾಸ್‌ವರ್ಡ್ ಹಾಕಿದ್ದರೆ ಫೈಂಡ್ ಮೈ ಆಫ್ ಆಗಿ, ಆ್ಯಕ್ಟಿವೇಶನ್ ಲಾಕ್ ಕೂಡ ಹೋಗುತ್ತಿತ್ತು. ಲ್ಯಾಪ್‌ಟಾಪಿನಿಂದ ಅಳಿಸಿದರೆ ಒಳಗಿನ ಫೋಟೋ, ಮೆಸೇಜು ಹೋಗುತ್ತವೆ, ಲಾಕ್ ಹೋಗುವುದಿಲ್ಲ. ಆ ಲಾಕ್ ಇರುವುದು ಆ್ಯಪಲ್ ಸರ್ವರ್‌ನಲ್ಲಿ, ಫೋನಿನಲ್ಲಲ್ಲ. ಕದ್ದವರು ಹೀಗೆ ಅಳಿಸಿ ಮಾರಬಾರದು ಅಂತಲೇ ಅದನ್ನು ಇಟ್ಟಿರುವುದು. Hello ಕಂಡರೆ ಸಾಲದು. ಭಾಷೆ ಆರಿಸಿ, ವೈಫೈ ಹಾಕಿ ಮುಂದೆ ಹೋದಾಗಲೇ ಲಾಕ್ ಇದೆಯೋ ಇಲ್ಲವೋ ತಿಳಿಯುವುದು. ಇನ್ನೆರಡು ನಿಮಿಷ ನಿಂತು ನೋಡಿದ್ದರೆ ಅವನಿಗೇ ಗೊತ್ತಾಗುತ್ತಿತ್ತು ಅಲ್ವಾ?

ಎರಡು ದಿನ ಬಿಟ್ಟು ನಿಮ್ಮ ಗೋಡೌನಿನಿಂದ ಮೇಲ್ ಬಂತು: iPhone Locked to Owner, ಆದ್ದರಿಂದ ಎಕ್ಸ್‌ಚೇಂಜ್ ಬೆಲೆ ಸೊನ್ನೆ. ಅದೇ ರಾತ್ರಿ iCloud.com/find ತೆರೆದು ಆ ಫೋನನ್ನು ನನ್ನ ಖಾತೆಯಿಂದ ತೆಗೆದೆ. ಪಟ್ಟಿಯಲ್ಲಿ ಈಗ ಅದು ಇಲ್ಲ. ಸ್ಕ್ರೀನ್‌ಶಾಟ್ ಕೂಡ ಕಳಿಸಿದೆ. ಫೋನನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ, ವೈಫೈ ಹಾಕಿ ನೋಡಿ ಎಂದೂ ಬರೆದೆ, ಏಕೆಂದರೆ ಲಾಕ್ ಆಗಿದೆ ಎಂಬ ಹಳೇ ಸ್ಕ್ರೀನ್ ತಾನಾಗಿ ಬದಲಾಗದೆ ಹಾಗೇ ನಿಂತಿರಬಹುದು. ಉತ್ತರವಾಗಿ ಬಂದಿದ್ದು ಮತ್ತೆ ಅದೇ ಮೇಲ್.

ಎಲ್ಲಕ್ಕಿಂತ ಜಾಸ್ತಿ ಬೇಸರವಾಗಿದ್ದು ನಿಮ್ಮ ಸಹಾಯವಾಣಿಯವರು ನನ್ನ ಆ್ಯಪಲ್ ಪಾಸ್‌ವರ್ಡ್ ಮತ್ತು ಓಟಿಪಿ ಕೇಳಿದ್ದು. ಆ ಖಾತೆಯಲ್ಲಿ ನನ್ನ ಫೋಟೋ, ಬ್ಯಾಕಪ್ ಎಲ್ಲಾ ಇದೆ. ಲಾಕ್ ತೆಗೆಯಲು ನಿಮಗೆ ಅದು ಬೇಕಾಗಿಯೇ ಇಲ್ಲ. ಮಾಲೀಕರು ಎಲ್ಲಿದ್ದರೂ ತಾವೇ ತೆಗೆಯಬಹುದು. ನಾನು ಕೊಡಲಿಲ್ಲ, ಕೊಡುವುದೂ ಇಲ್ಲ. ಅಮ್ಮನಂಥವರು ನಂಬಿ ಕೊಟ್ಟುಬಿಡುತ್ತಾರೆ. ದಯವಿಟ್ಟು ಹಾಗೆ ಕೇಳುವುದನ್ನು ಇಂದೇ ನಿಲ್ಲಿಸಿ.

ಫೋನನ್ನು ರೀಸ್ಟಾರ್ಟ್ ಮಾಡಿ ಮತ್ತೊಮ್ಮೆ ಪರೀಕ್ಷಿಸಿ, ಒಪ್ಪಿದ 16,500 ರೂಪಾಯಿಯನ್ನು ಏಳು ದಿನದೊಳಗೆ ಕೊಡಿ. ಆಗದಿದ್ದರೆ ಫೋನನ್ನು ಕೊಟ್ಟ ಸ್ಥಿತಿಯಲ್ಲೇ ವಾಪಸ್ ಕಳಿಸಿ. ಎರಡೂ ಆಗದಿದ್ದರೆ ಗ್ರಾಹಕರ ವೇದಿಕೆಗೆ ಹೋಗುತ್ತೇನೆ.

ಇಂತಿ,
ನಿಮ್ಮ ಗ್ರಾಹಕಿ